ಮಗ ಬರುವ ಹೊತ್ತು ಮೀರಿದಾಗ

ನಮ್ಮ ಮನೆಯ ಜಗಲಿಯಿಂದ ರಸ್ತೆ ಕಾಣುವುದಿಲ್ಲ. ಆದರೆ ರಾತ್ರಿ ಹೊತ್ತು ಯಾವುದಾದರೂ ವಾಹನ ತಿರುವಿಗೆ ಬಂದರೆ ಅದರ ದೀಪ ಅಡಿಕೆ ಮರಗಳ ಮೇಲೆ ಒಮ್ಮೆ ಹಾದು ಹೋಗುತ್ತದೆ. ಆ ಬೆಳಕು ನಮ್ಮ ಅಂಗಳದ ಕಡೆಗೆ ತಿರುಗಿದರೆ ಮಗ ಬಂದನೆಂದು ಅರ್ಥ. ನೇರವಾಗಿ ಸಾಗಿದರೆ ಬೇರೆ ಯಾರೋ. ಕಳೆದ ಮೂರು ವರ್ಷಗಳಲ್ಲಿ ನಾವು ಗಂಡ ಹೆಂಡತಿ ಮತ್ತು ವಯಸ್ಸಾದ ನಮ್ಮ ಉಮ್ಮ, ಮೂವರೂ ಆ ಮರಗಳನ್ನು ಎಷ್ಟು ಸಲ ದಿಟ್ಟಿಸಿ ನೋಡಿದ್ದೇವೆಂಬುದಕ್ಕೆ ಲೆಕ್ಕವಿಲ್ಲ.

ಮಗ ಮಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ನಮ್ಮ ಮನೆ ಮಾಣಿಯಿಂದ ಸ್ವಲ್ಪ ಒಳಗೆ. ಸಂಜೆ ಏಳೂವರೆಗೆ ಅಂಗಡಿ ಬಿಟ್ಟು ಪಡೀಲ್, ಫರಂಗಿಪೇಟೆ, ಬಿ.ಸಿ. ರೋಡ್, ಕಲ್ಲಡ್ಕ ದಾಟಿ ಬೈಕಿನಲ್ಲಿ ಬಂದರೆ ಎಂಟೂಮುಕ್ಕಾಲಕ್ಕೆ ಮನೆ ಸೇರುತ್ತಾನೆ. ಎಂಟೂಮುಕ್ಕಾಲು ಎಂಬುದು ನಾವೇ ಮನಸ್ಸಿನಲ್ಲಿ ಇಟ್ಟುಕೊಂಡ ಗಳಿಗೆ. ಅವನೆಂದೂ ಕೊಟ್ಟ ಮಾತಲ್ಲ. ಆದರೂ ಗಡಿಯಾರದ ಮುಳ್ಳು ಒಂಬತ್ತನ್ನು ದಾಟಿತೆಂದರೆ ನಮ್ಮ ಮನೆಯಲ್ಲಿ ಮಾತು ನಿಲ್ಲುತ್ತಿತ್ತು.

ಕಲ್ಲಡ್ಕದ ಮೇಲ್ಸೇತುವೆಯ ಕಾಮಗಾರಿ ನಡೆಯುತ್ತಿದ್ದ ದಿನಗಳ ಒಂದು ಜುಲೈ ರಾತ್ರಿಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಜಡಿಮಳೆ. ಒಂಬತ್ತು ಇಪ್ಪತ್ತಾದರೂ ಮಗನಿಲ್ಲ. ಫೋನ್ ಮಾಡಿದೆವು, ಪೂರ್ತಿ ರಿಂಗ್ ಆಗಿ ನಿಂತಿತು. ಮತ್ತೆ ಮಾಡಿದೆವು, ಹಾಗೆಯೇ. ಒಂಬತ್ತೂವರೆಯ ಹೊತ್ತಿಗೆ ಹೆದ್ದಾರಿಯ ಕಡೆಯಿಂದ ಆಂಬುಲೆನ್ಸಿನ ಸದ್ದು ಕೇಳಿಸಿತು. ಅದು ಪ್ರತಿದಿನವೂ ಕೇಳಿಸುವ ಸದ್ದೇ. ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ರೋಗಿಗಳೆಲ್ಲ ಇದೇ ದಾರಿಯಲ್ಲಿ ಹೋಗುತ್ತಾರೆ. ಆದರೆ ಅಂದು ಅದು ನಮ್ಮ ಮಗನನ್ನು ಹೊತ್ತೊಯ್ಯುವ ಸದ್ದಾಯಿತು. ಅಷ್ಟರಲ್ಲಿ ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಒಂದು ಚಿತ್ರ ಹಾಕಿದರು: ಒದ್ದೆ ರಸ್ತೆ, ಉರುಳಿದ ಬೈಕು, ಸುತ್ತ ಜನ. ಯಾವ ಊರು, ಯಾವ ದಿನ ಎಂಬುದಿಲ್ಲ. ಬೈಕಿನ ಬಣ್ಣ ಮಾತ್ರ ಕಪ್ಪು. ನಮ್ಮ ಮಗನದೂ ಕಪ್ಪು. ನಾವು ಆ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆವು. ಅದು ಬೇರೆಲ್ಲಿಯದೋ ಹಳೆಯ ಚಿತ್ರವೆಂದು ಮರುದಿನ ತಿಳಿಯಿತು.

ಉಮ್ಮ ಯಾಸೀನ್ ಓದಲು ಕುಳಿತರು. ನಡುವೆ ಫೋನ್ ಬಂದಂತಾಗಿ ತಲೆಯೆತ್ತಿದರೆ ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದರು. ತಡೆದರೆ ಅನಾಹುತವಾದೀತೆಂಬ ಭಯ ಅವರಿಗೆ. ನಾವು ಹದಿನಾಲ್ಕು ಸಲ ಕರೆ ಮಾಡಿದ್ದೆವು. ಅಷ್ಟು ಹೊತ್ತಿಗೆ ನಮ್ಮ ಕಣ್ಣೆದುರಿನ ಕಲ್ಪನೆ ಆಸ್ಪತ್ರೆಯನ್ನೂ ದಾಟಿ ಮುಂದೆ ಹೋಗಿತ್ತು. ಯಾರಿಗೆ ಮೊದಲು ತಿಳಿಸಬೇಕು, ಮಸೀದಿಯವರಿಗೆ ಯಾರು ಹೇಳುವುದು, ಇಂಥವನ್ನೆಲ್ಲ ಯೋಚಿಸುತ್ತಿದ್ದೆವು. ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೆ ಇದನ್ನು ಓದುವ ಅನೇಕ ತಾಯಂದಿರು ಅಷ್ಟೇ ದೂರ ಹೋಗಿ ಬಂದಿರುತ್ತಾರೆಂಬುದೂ ನಮಗೆ ಗೊತ್ತು.

ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮಗ ಬಂದ, ಬೈಕಿಲ್ಲದೆ, ಪೂರ್ತಿ ನೆನೆದು. ಪಾಣೆಮಂಗಳೂರು ದಾಟಿದ ಮೇಲೆ ಕ್ಲಚ್ ಕೇಬಲ್ ತುಂಡಾಗಿತ್ತು. ಮಳೆಯೆಂದು ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀಟಿನ ಕೆಳಗಿಟ್ಟಿದ್ದ. ಗಾಡಿಯನ್ನು ತಳ್ಳಿಕೊಂಡು ಗ್ಯಾರೇಜ್ ಹುಡುಕಿದ, ಮುಚ್ಚಿತ್ತು. ಪರಿಚಯದವರ ಅಂಗಳದಲ್ಲಿ ನಿಲ್ಲಿಸಿ, ಬಸ್ಸಿಗೆ ಕಾದು ಬಂದ. ಫೋನ್ ಸೀಟಿನ ಕೆಳಗೇ ಉಳಿದುಹೋಗಿತ್ತು. ನಾವು ಅವನನ್ನು ಅಪ್ಪಿಕೊಳ್ಳಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಬೈದೆವು.

ಅವನು ತಲೆ ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಒಂದು ಮಾತು ಹೇಳಿದ. "ಹಿಂದಿನ ತಿಂಗಳು ನೀವು ಒಂದರ ಹಿಂದೆ ಒಂದು ಫೋನ್ ಮಾಡುತ್ತಿದ್ದಿರಲ್ಲ, ಅಂದು ಮೆಲ್ಕಾರಿನ ಹತ್ತಿರ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಜೇಬಿನಿಂದ ಫೋನ್ ತೆಗೆಯಲು ಹೋದೆ. ಎದುರಿನಿಂದ ಲಾರಿ. ಹೇಗೆ ಬದಿಗೆ ಬಂದೆನೋ ಗೊತ್ತಿಲ್ಲ. ನಿಮಗೆ ಹೇಳಿದರೆ ಇನ್ನೂ ಹೆದರುತ್ತೀರೆಂದು ಹೇಳಲಿಲ್ಲ."

ಆ ರಾತ್ರಿ ನಾವಿಬ್ಬರೂ ನಿದ್ರಿಸಲಿಲ್ಲ. ಯಾವ ಅಪಘಾತವನ್ನು ಕಲ್ಪಿಸಿಕೊಂಡು ನಡುಗುತ್ತಿದ್ದೆವೋ ಅದಕ್ಕೆ ಅತಿ ಹತ್ತಿರ ಅವನನ್ನು ಕೊಂಡೊಯ್ದಿದ್ದು ನಮ್ಮದೇ ಕರೆ.

ಆ ಬಳಿಕ ನಾವು ಸುಮ್ಮನಿರಲು ಪ್ರಯತ್ನಿಸಿದೆವು. ಆಗಲಿಲ್ಲ. ಮನೆಗೆ ಬಂದ ನೆಂಟರೊಬ್ಬರು, ಇಷ್ಟು ಹೆದರುವುದು ಈಮಾನ್ ದುರ್ಬಲವಾಗಿರುವುದರ ಲಕ್ಷಣವೆಂದರು. ಅದರಿಂದ ಹೆದರಿಕೆ ಕಡಿಮೆಯಾಗಲಿಲ್ಲ, ಹೆದರಿದ್ದಕ್ಕಾಗಿ ಅಪರಾಧಿ ಭಾವವೊಂದು ಸೇರಿಕೊಂಡಿತು. ಇಂತಹ ಮಾತನ್ನು ಹೇಳುವವರು ಪ್ರವಾದಿ ಯಾಕೂಬ್(ಅ)ರನ್ನು ಮರೆತಿರುತ್ತಾರೆ. ಮಗನನ್ನು ಅಣ್ಣಂದಿರ ಜೊತೆ ಕಳುಹಿಸುವ ಮೊದಲೇ ತೋಳ ತಿಂದೀತೆಂಬ ತಮ್ಮ ಭಯವನ್ನು ಅವರು ಬಾಯಿಬಿಟ್ಟು ಹೇಳಿದ್ದರು. ಅವರು ಅಲ್ಲಾಹನ ಪ್ರವಾದಿ. ಅವರ ಈಮಾನನ್ನು ಅಳೆಯಲು ನಾವು ಯಾರು? ಸೂರಃ ಯೂಸುಫ್‌ನ ಆ ಭಾಗವನ್ನು ಓದುವಾಗ ಈಗ ನಮಗೆ ಇನ್ನೊಂದು ವಿಷಯವೂ ಕಾಣುತ್ತದೆ. ಮಗ ಆ ರಾತ್ರಿ ಮನೆಗೆ ಬರಲಿಲ್ಲವೆಂಬುದು ನಿಜ. ಆದರೆ ತೋಳ ನಿಜವಾಗಿರಲಿಲ್ಲ. ಅಣ್ಣಂದಿರು ತಂದೆಯ ಭಯದಿಂದಲೇ ತಮ್ಮ ಸುಳ್ಳನ್ನು ಕಟ್ಟಿದರೆಂದು ವ್ಯಾಖ್ಯಾನಕಾರರು ಹೇಳುವುದುಂಟು. ಯಾಕೂಬ್(ಅ) ಆ ಕಥೆಯನ್ನು ನಂಬಲಿಲ್ಲ. ತಾವೇ ಮೊದಲು ಆಡಿದ ಭಯವಾದರೂ ನಂಬಲಿಲ್ಲ. ಅತ್ತರು, ಕಾದರು, ವರ್ಷಗಳ ನಂತರವೂ ಹುಡುಕಿರೆಂದು ಮಕ್ಕಳನ್ನು ಕಳುಹಿಸಿದರು.

ಉಮ್ಮನ ನಿದ್ರೆ ಪೂರ್ತಿ ಕೆಟ್ಟಾಗ ಅವರನ್ನು ಮನೋವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದೆವು. ವೈದ್ಯರು ಮೊದಲು ಕೇಳಿದ್ದು ಉಮ್ಮನನ್ನಲ್ಲ, ನಮ್ಮನ್ನು. "ಮಗ ತಡವಾದಾಗ ನೀವು ಏನು ಮಾಡುತ್ತೀರಿ?" ಹೇಳಿದೆವು. ಕರೆ, ಮತ್ತೆ ಕರೆ, ಅವನ ಗೆಳೆಯನಿಗೆ ಕರೆ, ವಾಟ್ಸ್ಯಾಪ್‌ನಲ್ಲಿ ಅವನು ಕೊನೆಗೆ ಬಂದ ಸಮಯ ನೋಡುವುದು, ಗೇಟಿನವರೆಗೆ ಹೋಗಿ ಬರುವುದು. ಅವರು ಹೇಳಿದ್ದು ಹೀಗೆ: ಕರೆಗೆ ಉತ್ತರ ಸಿಕ್ಕಿದ ತಕ್ಷಣ ನಿಮಗೆ ದೊಡ್ಡ ನಿರಾಳವಾಗುತ್ತದೆ. ಕರೆ ಮಾಡಿದ್ದರಿಂದಲೇ ಭಯ ಹೋಯಿತೆಂದು ಮನಸ್ಸು ಕಲಿಯುತ್ತದೆ. ಹಾಗಾಗಿ ಮುಂದಿನ ಸಲ ಇನ್ನೂ ಬೇಗ ಕರೆ ಮಾಡಬೇಕೆನಿಸುತ್ತದೆ, ಉತ್ತರ ಸಿಗದಿದ್ದರೆ ಇನ್ನೂ ಹೆಚ್ಚು ಭಯವಾಗುತ್ತದೆ. ಕರೆ ಮಾಡದೆಯೂ ಅವನು ಬರುತ್ತಿದ್ದ, ಭಯ ತಾನಾಗಿ ಇಳಿಯುತ್ತಿತ್ತು ಎಂಬುದನ್ನು ಕಲಿಯಲು ಮನಸ್ಸಿಗೆ ಅವಕಾಶವೇ ಸಿಗುವುದಿಲ್ಲ.

ಅವರು ನಮ್ಮಿಂದ ಒಂದು ನೋಟ್ ಪುಸ್ತಕ ಮಾಡಿಸಿದರು. ಮಗ ಅರ್ಧ ಗಂಟೆಗಿಂತ ಹೆಚ್ಚು ತಡವಾದ ದಿನ, ಅವನು ಬರುವ ಮೊದಲೇ, ಎರಡು ಸಂಗತಿ ಬರೆಯಬೇಕು. ಕಣ್ಣೆದುರು ಬರುತ್ತಿರುವ ಚಿತ್ರ ಯಾವುದು, ಅದು ನಿಜವೆಂದು ನೂರಕ್ಕೆ ಎಷ್ಟು ಅನಿಸುತ್ತಿದೆ. ಅವನು ಬಂದ ಮೇಲೆ ಮೂರನೆಯದು, ನಿಜವಾಗಿ ಏನಾಗಿತ್ತು. ಬರುವ ಮೊದಲೇ ಬರೆಯಬೇಕೆಂಬುದರಲ್ಲಿ ಅವರು ಬಹಳ ಕಟ್ಟುನಿಟ್ಟು. ಮಗ ಎದುರಿಗೆ ಬಂದು ನಿಂತ ಮೇಲೆ, ತಾವು ಅಷ್ಟೇನೂ ಹೆದರಿರಲಿಲ್ಲವೆಂದು ಮನಸ್ಸು ಸುಳ್ಳು ಹೇಳುತ್ತದಂತೆ. ಹಾಗೆ ಹೇಳಿಬಿಟ್ಟರೆ ಮನಸ್ಸು ತಪ್ಪಿದ್ದು ಎಲ್ಲೂ ದಾಖಲಾಗುವುದಿಲ್ಲ.

ಆಗಸ್ಟ್‌ನಿಂದ ಜನವರಿಯವರೆಗೆ ಅದರಲ್ಲಿ 34 ಬರಹಗಳಿವೆ. ಮೊದಲ ಪುಟಗಳಲ್ಲಿ ಎರಡನೆಯ ಸಾಲಿನಲ್ಲಿ 80, 90 ಎಂಬ ಅಂಕಿಗಳು. ಮೂರನೆಯ ಸಾಲಿನಲ್ಲಿ: ಕೊನೆಯ ಗಿರಾಕಿ ಎಂಟು ಸೀರೆ ತೆಗೆಸಿ ನೋಡಿದರು. ಮಳೆ ನಿಲ್ಲಲೆಂದು ತುಂಬೆಯಲ್ಲಿ ನಿಂತ. ಕಲ್ಲಡ್ಕದಲ್ಲಿ ವಾಹನಗಳ ಸಾಲು. ಪೆಟ್ರೋಲ್. ಗೆಳೆಯನ ಜೊತೆ ಚಹಾ (ಇದಕ್ಕೆ ಉಮ್ಮ ಸಿಟ್ಟಾದರು). ಫೋನಿನಲ್ಲಿ ಚಾರ್ಜ್ ಇರಲಿಲ್ಲ, ಇದು ಏಳು ಸಲ. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದರೆ ಏನೂ ಅನಿಸುವುದಿಲ್ಲ. ಹತ್ತು ಪುಟ ಒಟ್ಟಿಗೆ ತಿರುವಿದಾಗ ನಮಗೆ ನಗು ಬಂತು, ಬಹಳ ದಿನಗಳ ನಂತರ.

ವೈದ್ಯರು ಒಂದು ಲೆಕ್ಕವನ್ನೂ ಮಾಡಿಸಿದರು. ಅವನು ಮೂರು ವರ್ಷ ಕೆಲಸಕ್ಕೆ ಹೋಗಿದ್ದಾನೆ; ವರ್ಷಕ್ಕೆ 300 ದಿನವೆಂದರೆ 900 ಸಲ ಮನೆಗೆ ಮರಳಿದ್ದಾನೆ. ಆರು ದಿನಕ್ಕೊಮ್ಮೆ ತಡವೆಂದರೂ 150 ತಡಗಳು. ಆ 150ರಲ್ಲಿ ಅಪಘಾತದಿಂದಾದ ತಡ ಎಷ್ಟು? ಒಂದೂ ಇಲ್ಲ. ನಮ್ಮ ಮನಸ್ಸು ಮಾತ್ರ ಪ್ರತಿಸಲವೂ ನೂರಕ್ಕೆ ತೊಂಬತ್ತೆನ್ನುತ್ತಿತ್ತು. ಆದರೆ ರಸ್ತೆಯಲ್ಲಿ ಅಪಾಯವೇ ಇಲ್ಲವೆಂದು ಅವರು ಹೇಳಲಿಲ್ಲ, ನಾವೂ ಹೇಳುವುದಿಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1 ಲಕ್ಷ 68 ಸಾವಿರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ದ್ವಿಚಕ್ರ ವಾಹನದಲ್ಲಿದ್ದವರೇ ಅತಿ ಹೆಚ್ಚು. ಅಪಾಯ ಇರುವುದು ರಸ್ತೆಯಲ್ಲಿ, ವೇಗದಲ್ಲಿ, ಹೆಲ್ಮೆಟ್ ಇಲ್ಲದ ತಲೆಯಲ್ಲಿ. 'ತಡವಾಯಿತು' ಎಂಬುದು ಅದರ ಗುರುತಲ್ಲ. ಹೊತ್ತಿಗೆ ಸರಿಯಾಗಿ ಬಂದ ದಿನವೂ ಅವನು ಅದೇ ರಸ್ತೆಯಲ್ಲಿ ಬಂದಿರುತ್ತಾನೆ.

ಇದು ಅಕ್ಷರಶಃ ಸತ್ಯವೆಂದು ನಮಗೆ ಮನವರಿಕೆಯಾದದ್ದು ಅಕ್ಟೋಬರ್‌ನಲ್ಲಿ. ಆ ಸಂಜೆ ಎಂಟು ಹತ್ತಕ್ಕೆ ಅಪರಿಚಿತರೊಬ್ಬರ ಕರೆ ಬಂತು. ಕಾಮಗಾರಿಯ ಕೆಸರಿನಲ್ಲಿ ಮಗ ಜಾರಿ ಬಿದ್ದಿದ್ದ. ಮೊಣಕೈ ಮತ್ತು ಮೊಣಕಾಲು ತರಚಿತ್ತು, ಹೆಲ್ಮೆಟ್ ಇದ್ದುದರಿಂದ ತಲೆಗೆ ಏನೂ ಆಗಿರಲಿಲ್ಲ. ಅಲ್‌ಹಮ್ದುಲಿಲ್ಲಾಹ್. ಗಮನಿಸಿ, ಎಂಟು ಹತ್ತು. ಅವನು ಬರುವ ಹೊತ್ತು ಆಗಿರಲೇ ಇಲ್ಲ. ನಾವು ಇನ್ನೂ ಹೆದರಲು ಆರಂಭಿಸಿಯೇ ಇರಲಿಲ್ಲ. ಉಮ್ಮ ಅಡುಗೆಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಾ, ಮದುವೆಯೊಂದರ ಬಗ್ಗೆ ನಗುತ್ತಾ ಮಾತಾಡುತ್ತಿದ್ದರು. ತಾಯಿಯ ಕರುಳಿಗೆ ಮುಂಚಿತವಾಗಿ ತಿಳಿಯುತ್ತದೆಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಎದೆ ಬಡಿದುಕೊಳ್ಳುತ್ತಿದೆ, ಅಂದರೆ ಏನೋ ಆಗಿದೆ ಎಂದು ನಾವೂ ನಂಬಿದ್ದೆವು. ಪುಸ್ತಕದಲ್ಲಿ ಆಗಲೇ ಹಲವು ಸಲ ಕರುಳು ಕೂಗಿದ್ದು ದಾಖಲಾಗಿತ್ತು, ಒಂದೂ ನಿಜವಾಗಲಿಲ್ಲ. ನಿಜವಾಗಿ ಬಿದ್ದ ದಿನ ಅದು ಮೌನವಾಗಿತ್ತು. ಎದೆಬಡಿತವು ನಮ್ಮ ಭಯದ ಸುದ್ದಿಯನ್ನು ಕೊಡುತ್ತದೆಯೇ ಹೊರತು ರಸ್ತೆಯ ಸುದ್ದಿಯನ್ನಲ್ಲ. ಉಮ್ಮನಿಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವಾಯಿತು. ಅವರು ಇಂದಿಗೂ ಅರ್ಧ ಮಾತ್ರ ಒಪ್ಪಿದ್ದಾರೆ.

ಆ ಅಪರಿಚಿತರಿಗೆ ನಮ್ಮ ಸಂಖ್ಯೆ ಸಿಕ್ಕಿದ್ದು ಹೇಗೆ? ಅದಕ್ಕೆ ಸೆಪ್ಟೆಂಬರ್‌ನಲ್ಲಿ ನಾವು ಮಾಡಿಕೊಂಡಿದ್ದ ಏರ್ಪಾಟು ಕಾರಣ. ಒಂದು ಶುಕ್ರವಾರ, ಎಲ್ಲರೂ ಶಾಂತವಾಗಿದ್ದ ಹೊತ್ತಿನಲ್ಲಿ, ಮಗನನ್ನೂ ಕೂರಿಸಿಕೊಂಡು ಕೆಲವು ವಿಷಯಗಳನ್ನು ಗೊತ್ತುಮಾಡಿದ್ದೆವು. ಫೋನ್ ಲಾಕ್ ಆಗಿದ್ದರೂ ತುರ್ತು ಸಂಪರ್ಕದ ಸಂಖ್ಯೆ ಕಾಣುವಂತೆ ಅವನು ಮಾಡಿಟ್ಟ. ಅದೇ ಸಂಖ್ಯೆಯನ್ನು ರಕ್ತದ ಗುಂಪಿನ ಜೊತೆ ಬರೆದ ಚೀಟಿ ಅವನ ಪರ್ಸಿನಲ್ಲಿದೆ. ಅಂಗಡಿಯಿಂದ ಹೊರಡುವ ಮೊದಲು 'ಹೊರಟೆ' ಎಂಬ ಒಂದೇ ಪದದ ಸಂದೇಶ ಕಳುಹಿಸುತ್ತಾನೆ. ತಡವೆಂಬ ಲೆಕ್ಕ ಆ ಸಂದೇಶದಿಂದ ಶುರು, ನಮ್ಮ ಎಂಟೂಮುಕ್ಕಾಲಿನಿಂದಲ್ಲ. ದಾರಿಯಲ್ಲಿ ಬೈಕ್ ಓಡಿಸುವಾಗ ನಾವು ಎಷ್ಟು ಸಲ ಮಾಡಿದರೂ ಅವನು ಫೋನ್ ತೆಗೆಯುವುದಿಲ್ಲ, ನಿಂತಾಗ ಮಾತ್ರ ನೋಡುತ್ತಾನೆ. ತೆಗೆಯಲಿಲ್ಲವೆಂದರೆ ಓಡಿಸುತ್ತಿದ್ದಾನೆಂದೇ ಮೊದಲ ಅರ್ಥ.

ಹೊರಟು ಎರಡು ಗಂಟೆಯಾದರೂ ಬರದಿದ್ದರೆ ನಾವು ಒಂದು ಕರೆ ಮಾಡುತ್ತೇವೆ. ಒಂದೇ. ಮತ್ತೆ ಅರ್ಧ ಗಂಟೆ ಬಿಟ್ಟು ಇನ್ನೊಂದು, ಜೊತೆಗೆ ಅಂಗಡಿಯ ಮಾಲೀಕರಿಗೆ ಮತ್ತು ಅದೇ ದಾರಿಯಲ್ಲಿ ಬರುವ ಗೆಳೆಯನಿಗೆ. ಮೂರು ಗಂಟೆ ದಾಟಿಯೂ ಯಾವ ಸುಳಿವೂ ಇಲ್ಲದಿದ್ದರೆ 112ಕ್ಕೆ ಕರೆ ಮಾಡಿ ಗಾಡಿಯ ಸಂಖ್ಯೆ, ದಾರಿ, ಹೊರಟ ಸಮಯ ಹೇಳುವುದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇವೆ. ಅಲ್ಲಿಯವರೆಗೆ ಹೋಗುವ ಪ್ರಸಂಗ ಈವರೆಗೆ ಬಂದಿಲ್ಲ. ಆದರೂ ಆ ಬರಹ ಅಲ್ಲಿರುವುದೇ ದೊಡ್ಡ ಸಹಾಯ. ಏನು ಮಾಡಲಿ, ಏನು ಮಾಡಲಿ ಎಂದು ತಲೆ ತಿರುಗುವಾಗ, ಈಗ ಮಾಡಬೇಕಾದುದು ಏನೂ ಇಲ್ಲ, ಮಾಡಬೇಕಾದ ಸಮಯ ಇಂಥದ್ದು ಎಂದು ಗೋಡೆಯೇ ಹೇಳುತ್ತದೆ. ಮಧುಮೇಹವೋ ಮೂರ್ಛೆ ರೋಗವೋ ಇರುವವರು, ಇರುಳಿನಲ್ಲಿ ಒಂಟಿಯಾಗಿ ಬರುವ ಹೆಣ್ಣುಮಕ್ಕಳು, ದಾರಿ ಮರೆಯುವ ವೃದ್ಧರು ಮನೆಯಲ್ಲಿದ್ದರೆ ಈ ಅವಧಿಗಳು ಇನ್ನೂ ಚಿಕ್ಕದಿರಬೇಕು. ಅದನ್ನೂ ವೈದ್ಯರು ಸ್ಪಷ್ಟವಾಗಿ ಹೇಳಿದ್ದರು.

ಉಳಿಯುವುದು ನಡುವಿನ ಆ ಹೊತ್ತು. ಅದನ್ನು ಕಳೆಯುವುದೇ ಕಷ್ಟ.

ಇಲ್ಲಿ ನಮಗೆ ನೆರವಾದವರು ಸಾವಿರದ ನೂರು ವರ್ಷಗಳ ಹಿಂದಿನ ಒಬ್ಬ ವಿದ್ವಾಂಸರು. ಇಂದಿನ ಅಫ್ಘಾನಿಸ್ತಾನದ ಬಲ್ಖ್‌ನವರಾದ ಅಬೂ ಝೈದ್ ಅಲ್-ಬಲ್ಖಿ, 934ರಲ್ಲಿ ತೀರಿಕೊಂಡವರು. ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್ ಎಂಬ ಅವರ ಗ್ರಂಥದ ಒಂದು ಭಾಗ ಶರೀರದ ಆರೋಗ್ಯದ ಕುರಿತು, ಇನ್ನೊಂದು ಭಾಗ ಮನಸ್ಸಿನ ಆರೋಗ್ಯದ ಕುರಿತು. ಭಯಕ್ಕೂ ವಸ್‌ವಾಸ್‌ಗೂ ಅದರಲ್ಲಿ ಪ್ರತ್ಯೇಕ ಅಧ್ಯಾಯಗಳಿವೆ. ಬೆಚ್ಚಗಿನ ಒಣ ನಾಡಿನವನೊಬ್ಬ ಚಳಿಯ ನಾಡಿಗೆ ಬಂದು ಮೊದಲ ಸಲ ದಟ್ಟ ಮಂಜನ್ನು ನೋಡುವ ಉದಾಹರಣೆಯನ್ನು ಅವರು ಕೊಡುತ್ತಾರೆ. ದೂರದಿಂದ ಅವನಿಗೆ ಅದು ದಾಟಲಾಗದ ಗಟ್ಟಿ ವಸ್ತುವೆನಿಸುತ್ತದೆ. ಒಳಗೆ ಹೋದ ಮೇಲೆ ಅದು ಬರೀ ತೇವದ ಗಾಳಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅವರ ಇನ್ನೊಂದು ಸಲಹೆ. ದೇಹಕ್ಕೆ ಬೇಕಾಗುವ ಔಷಧಿಯನ್ನು ಮೊದಲೇ ತಂದು ಇಟ್ಟುಕೊಳ್ಳುವಂತೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಆಲೋಚನೆಗಳನ್ನು ಸಿದ್ಧಪಡಿಸಿ ಇಟ್ಟುಕೊಳ್ಳಬೇಕೆಂದು ಅವರು ಹೇಳುತ್ತಾರೆ. ಭಯ ಬಂದ ಮೇಲೆ ಹುಡುಕಲು ಹೊರಟರೆ ಸಿಗುವುದಿಲ್ಲ. ಒಂಬತ್ತೂವರೆಗೆ ನಮಗೆ ಕ್ಲಚ್ ಕೇಬಲ್ ಎಂಬುದು ಎಂದಾದರೂ ಹೊಳೆದೀತೇ? ಹಾಗಾಗಿ ನೋಟ್ ಪುಸ್ತಕದ ಮೊದಲ ಪುಟದಲ್ಲಿ, ಅವನು ಈ ಹಿಂದೆ ತಡವಾದ ಕಾರಣಗಳನ್ನೆಲ್ಲ ದಪ್ಪ ಅಕ್ಷರಗಳಲ್ಲಿ ಬರೆದಿದ್ದೇವೆ. ಹೆದರಿಕೆಯಾದಾಗ ಅದನ್ನು ಜೋರಾಗಿ ಓದುತ್ತೇವೆ. ಅಪಘಾತದ ಚಿತ್ರವನ್ನು ತಳ್ಳಿಹಾಕಲು ಹೋಗುವುದಿಲ್ಲ. ತಳ್ಳಿದಷ್ಟೂ ಅದು ಮರಳಿ ಬರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನು ನಿಲ್ಲಿಸುತ್ತೇವೆ. ತುಂಬೆಯ ಅಂಗಡಿಯ ಮಾಡಿನ ಕೆಳಗೆ ರೈನ್‌ಕೋಟ್ ಹಾಕಿಕೊಂಡು ಮಳೆ ನೋಡುತ್ತಾ ನಿಂತಿರುವ ಮಗ. ಎರಡೂ ಕಲ್ಪನೆಗಳೇ, ಆದರೆ ಎರಡನೆಯದು ಈಗಾಗಲೇ ಹಲವು ಸಲ ನಿಜವಾಗಿದೆ.

ಶರೀರಕ್ಕೂ ಒಂದಿಷ್ಟು ಕೆಲಸವಿದೆ. ತಣ್ಣೀರಿನಲ್ಲಿ ನಿಧಾನವಾಗಿ ವುದೂ ಮಾಡುತ್ತೇವೆ. ಇಶಾ ಆಗಿದ್ದರೆ ಎರಡು ರಕಅತ್ ನಮಾಝ್. ಕುಳಿತು, ನಾಲ್ಕು ಎಣಿಸುವಷ್ಟು ಉಸಿರೆಳೆದು ಆರೇಳು ಎಣಿಸುವಷ್ಟು ಹೊತ್ತು ಬಿಡುವುದು. ಉಸಿರು ಬಿಡುವುದು ನಿಧಾನವಾದಂತೆ ಎದೆಬಡಿತವೂ ಇಳಿಯುತ್ತದೆ. ವಾಟ್ಸ್ಯಾಪ್ ಗುಂಪನ್ನು ಆ ಹೊತ್ತಿನಲ್ಲಿ ತೆರೆಯುವಂತಿಲ್ಲ. ಉಮ್ಮನ ಯಾಸೀನ್ ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆದರೆ ತಡೆದರೆ ಮೊದಲಿನಿಂದ ಆರಂಭಿಸುವ ಅಭ್ಯಾಸವನ್ನು ಬಿಡಿಸಲು ಊರಿನ ಉಸ್ತಾದರೇ ಬಂದು ಮಾತಾಡಿದರು. ನಡುವೆ ನಿಲ್ಲಿಸಿದ್ದಕ್ಕಾಗಿ ಅಲ್ಲಾಹನು ಮೊಮ್ಮಗನನ್ನು ಬೀಳಿಸುವುದಿಲ್ಲ, ನಿಲ್ಲಿಸಿದಲ್ಲಿಂದಲೇ ಮುಂದುವರಿಸಿ ಉಮ್ಮ ಎಂದು ಅವರು ನಗುತ್ತಾ ಹೇಳಿದ ಮೇಲೆ ಉಮ್ಮ ಒಪ್ಪಿದರು. ನಾವು ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ಬಂದ ಮೇಲೆ ಬೈಯಬಾರದೆಂಬುದನ್ನು ಕಲಿಯಲು ನಮಗೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಬೈಗುಳ ತಿಂದವನು ಮುಂದಿನ ಸಲ ತಡವಾದಾಗ ವೇಗ ಹೆಚ್ಚಿಸುತ್ತಾನೆ. ಲಾರಿಯ ಸಂಗತಿಯನ್ನು ಅವನು ಒಂದು ತಿಂಗಳು ಮುಚ್ಚಿಟ್ಟಿದ್ದೂ ನಮ್ಮ ಭಯಕ್ಕೆ ಹೆದರಿಯೇ. ಈಗ ಸಲಾಮ್ ಹೇಳಿ, ಟವೆಲ್ ಕೊಟ್ಟು, ಊಟ ಬಡಿಸುತ್ತೇವೆ. ಕಾರಣವನ್ನು ಊಟದ ನಂತರ ಕೇಳುತ್ತೇವೆ, ಪುಸ್ತಕದಲ್ಲಿ ಬರೆಯಲಿಕ್ಕಾಗಿ.

ಕಳೆದ ವಾರವೂ ತಡವಾಯಿತು. 'ಹೊರಟೆ' ಎಂಬ ಸಂದೇಶ ಏಳು ಐವತ್ತಕ್ಕೆ ಬಂದಿತ್ತು. ಒಂಬತ್ತೂಮುಕ್ಕಾಲಾದರೂ ಅಡಿಕೆ ಮರಗಳು ಕತ್ತಲಾಗಿಯೇ ಇದ್ದವು. ಉಮ್ಮ ಜಗಲಿಯಲ್ಲಿ ಕುಳಿತು ಪುಸ್ತಕ ತರಲು ಹೇಳಿದರು. ಅವರಿಗೆ ಬರೆಯಲು ಬಾರದು, ಹೇಳಿ ಬರೆಸುತ್ತಾರೆ. "ಲಾರಿ," ಎಂದರು. ಎಷ್ಟು ಎಂದು ಕೇಳಿದೆವು. ಸ್ವಲ್ಪ ಯೋಚಿಸಿ, "ಇಪ್ಪತ್ತೈದು," ಎಂದರು. ಬರೆದೆವು. ಹತ್ತು ಗಂಟೆಗೆ ಐದು ನಿಮಿಷವಿರುವಾಗ ಬೆಳಕು ಮರಗಳ ಮೇಲೆ ಹಾದು ಅಂಗಳದ ಕಡೆಗೆ ತಿರುಗಿತು. ಉಮ್ಮ ಎದ್ದು ಒಳಗೆ ಹೋಗುತ್ತಾ ಹೇಳಿದರು: "ಅದನ್ನು ಇಪ್ಪತ್ತು ಅಂತ ಮಾಡು." ಮೊದಲೇ ಹೇಳಿದ್ದನ್ನು ಬದಲಿಸುವಂತಿಲ್ಲವೆಂದು ನಾವು ಒಪ್ಪಲಿಲ್ಲ. ಹಿಂದಿನ ಚಕ್ರ ಪಂಕ್ಚರ್ ಆಗಿತ್ತು.